ಅವರು ನಿಮಗೆ ಏನಾಗಬೇಕು?

ಮದುವೆಮನೆಯ ಊಟದ ಸಾಲಿನಲ್ಲಿ ಒಬ್ಬ ಅಣ್ಣ, ಅವನ ಬೆನ್ನಿಗೆ ಹುಟ್ಟಿದ ತಂಗಿ ಅಕ್ಕಪಕ್ಕ ಕೂತಿದ್ದಾರೆ ಎನ್ನಿ. ಮದುಮಗಳು ಅವರಿಬ್ಬರ ತಮ್ಮನ ಮಗಳು. ಎದುರು ಸಾಲಿನವರು ಯಾರೋ ಕೇಳುತ್ತಾರೆ: ‘ಹುಡುಗಿ ನಿಮಗೆ ಏನಾಗಬೇಕು?’ ಅಣ್ಣ ‘ಮಗಳಾಗಬೇಕು’ ಎನ್ನುತ್ತಾನೆ. ತಂಗಿ ‘ನನಗೆ ಸೊಸೆಯಾಗಬೇಕು’ ಎನ್ನುತ್ತಾಳೆ. ಇಬ್ಬರಿಗೂ ಆ ಹುಡುಗಿ ಒಂದೇ ದೂರದಲ್ಲಿದ್ದಾಳೆ, ರಕ್ತದ ಲೆಕ್ಕದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೂ ಉತ್ತರ ಬೇರೆ. ಕೇಳಿದವರಿಗೂ ಅದರಲ್ಲಿ ವಿಚಿತ್ರ ಕಾಣುವುದಿಲ್ಲ, ಅವರು ಹಪ್ಪಳ ಮುರಿದುಕೊಂಡು ಊಟ ಮುಂದುವರಿಸುತ್ತಾರೆ. ಈ ಎರಡೂ ಉತ್ತರಗಳನ್ನು ಇಂಗ್ಲಿಷಿಗೆ ತನ್ನಿ: ಎರಡೂ ಕಡೆ ‘ನೀಸ್’ ಎಂದಾಗುತ್ತದೆ. ಅಣ್ಣ ‘ಮಗಳು’ ಎಂದದ್ದೂ ಹೋಯಿತು, ತಂಗಿ ‘ಸೊಸೆ’ ಎಂದದ್ದೂ ಹೋಯಿತು.

ಕನ್ನಡದ ನೆಂಟಸ್ತಿಕೆಯ ಪದಗಳನ್ನು ಇಂಗ್ಲಿಷಿನಲ್ಲಿ ಹೇಳುವುದು ಕಷ್ಟ ಎಂದು ಎಲ್ಲರೂ ಬಲ್ಲರು. ನಮ್ಮಲ್ಲಿ ಪದ ಹೆಚ್ಚು, ಅವರಲ್ಲಿ ಕಡಿಮೆ ಎಂದು ಅದಕ್ಕೆ ಕಾರಣ ಕೊಡುವುದುಂಟು. ಅದು ಅರ್ಧ ಮಾತ್ರ ನಿಜ. ನಮ್ಮ ಪದಗಳು ಬೇರೆಯದೇ ಒಂದು ಪ್ರಶ್ನೆಗೆ ಉತ್ತರ ಕೊಡುತ್ತವೆ. ಆ ಪ್ರಶ್ನೆ ಯಾವುದೆಂದು ಗೊತ್ತಾದರೆ, ಯಾವ ವಾಕ್ಯದಲ್ಲಿ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಟ್ಟುಕೊಡಬಹುದು ಎಂಬುದು ತಿಳಿಯುತ್ತದೆ.

ಪ್ರಶ್ನೆ ಇಷ್ಟೇ: ನಡುವೆ ಇರುವ ಒಡಹುಟ್ಟಿದವರು ಒಂದೇ ಲಿಂಗದವರೋ, ಬೇರೆಬೇರೆಯೋ? ಅಪ್ಪ ಮತ್ತು ಅವನ ಅಣ್ಣ, ಇಬ್ಬರೂ ಗಂಡಸರು. ಹಾಗಾಗಿ ಅಪ್ಪನ ಅಣ್ಣ ದೊಡ್ಡಪ್ಪ, ತಮ್ಮ ಚಿಕ್ಕಪ್ಪ. ಪದದಲ್ಲೇ ‘ಅಪ್ಪ’ ಇದ್ದಾನೆ. ಅಮ್ಮನ ಅಕ್ಕ ದೊಡ್ಡಮ್ಮ, ತಂಗಿ ಚಿಕ್ಕಮ್ಮ. ಇವರ ಮಕ್ಕಳು ನಮಗೆ ಅಣ್ಣ, ತಮ್ಮ, ಅಕ್ಕ, ತಂಗಿ. ಸ್ವಂತ ಒಡಹುಟ್ಟಿದವರಿಗೆ ಬಳಸುವ ಪದಗಳೇ, ಬೇರೆ ಪದಗಳಿಲ್ಲ. ಆದರೆ ಅಪ್ಪನಿಗೂ ಅವನ ತಂಗಿಗೂ ನಡುವೆ ಗಂಡು-ಹೆಣ್ಣಿನ ಭೇದ ಬಂತು. ಅವಳು ‘ಅಮ್ಮ’ ಅಲ್ಲ, ಅತ್ತೆ. ಅಮ್ಮನ ತಮ್ಮ ‘ಅಪ್ಪ’ ಅಲ್ಲ, ಸೋದರಮಾವ. ಇವರ ಮಕ್ಕಳು ಅಣ್ಣತಮ್ಮಂದಿರಲ್ಲ. ಅತ್ತೆಯ ಮಗ ವಯಸ್ಸಿನಲ್ಲಿ ಹಿರಿಯನಾದರೆ ಭಾವ, ಕಿರಿಯನಾದರೆ ಮೈದುನ. ಮಾವನ ಮಗಳು ಹಿರಿಯಳಾದರೆ ಅತ್ತಿಗೆ, ಕಿರಿಯಳಾದರೆ ನಾದಿನಿ. ಕಿರಿಯರನ್ನು ಎದುರಿಗೆ ಹೆಸರು ಹಿಡಿದೇ ಕರೆಯುತ್ತೇವೆ, ಆದರೆ ‘ಏನಾಗಬೇಕು’ ಎಂದು ಕೇಳಿದಾಗ ವರಸೆ ಹೇಳುತ್ತೇವೆ.

ಈಗ ಅತ್ತೆ, ಮಾವ, ಭಾವ, ಮೈದುನ, ಅತ್ತಿಗೆ, ನಾದಿನಿ ಎಂಬ ಆರು ಪದಗಳನ್ನು ಇನ್ನೊಮ್ಮೆ ಓದಿ. ಮದುವೆಯಾದ ಮೇಲೆ ಗಂಡನ ಅಥವಾ ಹೆಂಡತಿಯ ಮನೆಯವರಿಗೆ ಬಳಸುವುದೂ ಇವನ್ನೇ. ಹುಟ್ಟಿನಿಂದ ಬಂದ ನೆಂಟರಿಗೂ ಮದುವೆಯಿಂದ ಬಂದ ನೆಂಟರಿಗೂ ಒಂದೇ ಪದ ಇರುವುದು ಆಕಸ್ಮಿಕವಲ್ಲ. ದೊಡ್ಡಪ್ಪನ ಮಗಳು ತಂಗಿ. ಅವಳ ಜೊತೆ ಮದುವೆಯ ಮಾತನ್ನು ಯಾರೂ ಬಾಯಲ್ಲಿ ಕೂಡ ಆಡರು. ಸೋದರಮಾವನ ಮಗಳು ಕೊಟ್ಟು ತರುವ ಸಂಬಂಧ. ಒಬ್ಬರನ್ನು ಹೇಗೆ ಕರೆಯುತ್ತೇವೆ ಎಂಬುದರಲ್ಲೇ ಅವರ ಮನೆಯಿಂದ ಹೆಣ್ಣು ತರಬಹುದೋ ಇಲ್ಲವೋ ಎಂಬುದು ಅಡಗಿದೆ. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ದ್ರಾವಿಡ ಭಾಷೆಗಳ ಈ ಪದಗಳನ್ನು ಪಟ್ಟಿಮಾಡಿದ. 1889ರಲ್ಲಿ ಇಂಗ್ಲೆಂಡಿನ ಇ.ಬಿ. ಟೈಲರ್ ಅತ್ತೆ-ಮಾವಂದಿರ ಮಕ್ಕಳಿಗೆ ‘ಕ್ರಾಸ್ ಕಸಿನ್’ ಎಂಬ ಹೆಸರು ಬಳಸಿದ. ಫ್ರಾನ್ಸಿನ ಲೂಯಿ ದ್ಯುಮೋ 1953ರಲ್ಲಿ ಇಡೀ ದ್ರಾವಿಡ ಪದವ್ಯವಸ್ಥೆಯನ್ನು ಮದುವೆಯ ಮೂಲಕವೇ ಓದಬೇಕೆಂದು ವಾದಿಸಿದ. ವಿದ್ವಾಂಸರಿಗೆ ಇಷ್ಟು ದೂರ ಹೋಗಬೇಕಾಯಿತು. ನಮ್ಮ ಹಳ್ಳಿಯ ಅಜ್ಜಿಯರಿಗೆ ‘ವರಸೆ ಕೂಡೋದಿಲ್ಲ’ ಎಂಬ ಎರಡು ಪದ ಸಾಕಾಗಿತ್ತು.

ಇಂಗ್ಲಿಷ್ ಮೊದಲಿನಿಂದಲೂ ಹೀಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ತಂದೆಯ ಸೋದರನಿಗೆ ಒಂದು ಪದ, ತಾಯಿಯ ಸೋದರನಿಗೆ ಇನ್ನೊಂದು ಪದ ಇತ್ತು. ಅತ್ತೆಗೂ ಚಿಕ್ಕಮ್ಮನಿಗೂ ಹಾಗೆಯೇ ಬೇರೆಬೇರೆ. 1066ರ ನಂತರ ಫ್ರೆಂಚ್ ಮಾತನಾಡುವ ನಾರ್ಮನ್ನರ ಆಳ್ವಿಕೆಯಲ್ಲಿ ಅವು ಬಳಕೆ ತಪ್ಪಿ, ಫ್ರೆಂಚಿನಿಂದ ‘ಅಂಕಲ್’, ‘ಆಂಟ್’ ಬಂದವು. ‘ಅಂಕಲ್’ ಎಂಬುದರ ಲ್ಯಾಟಿನ್ ಮೂಲಕ್ಕೆ ತಾಯಿಯ ಸೋದರ ಎಂದೇ ಅರ್ಥ, ‘ಆಂಟ್’ ಎಂಬುದರ ಮೂಲಕ್ಕೆ ತಂದೆಯ ಸೋದರಿ. ಅಂದರೆ ಇವತ್ತು ನಾವು ಬೀದಿಯಲ್ಲಿ ಕಂಡವರಿಗೆಲ್ಲ ಬಳಸುವ ಅಂಕಲ್-ಆಂಟಿ ಒಂದು ಕಾಲಕ್ಕೆ ಕರಾರುವಾಕ್ಕಾಗಿ ಸೋದರಮಾವ ಮತ್ತು ಸೋದರತ್ತೆ. ಗೆರೆ ಅಳಿಸಿಹೋಗಿದೆ, ಅಷ್ಟೇ. ಆದ್ದರಿಂದ ಇಂಗ್ಲಿಷಿಗೆ ತರುವವರು ಆ ಗೆರೆಯನ್ನು ಬೇಕಾದಲ್ಲಿ ಮತ್ತೆ ಎಳೆಯಬೇಕಾಗುತ್ತದೆ.

ಅದನ್ನು ಹೇಗೆ ಮಾಡುವುದೆಂದು ನೋಡಲು ಮೂರು ಸಾಲು ಬರೆದಿದ್ದೇನೆ. ಯಾವ ಕಥೆಯದೂ ಅಲ್ಲ, ಇದಕ್ಕೆಂದೇ ಕಟ್ಟಿದ್ದು:

‘ಸೋದರಮಾವ ಗಿರಿಜೆಯ ಕೈಹಿಡಿದು ಹಸೆಮಣೆಗೆ ಕರೆತಂದ. ಅಂತರಪಟದ ಆಚೆ ನಿಂತಿದ್ದವನು ಅವಳು ಚಿಕ್ಕಂದಿನಿಂದ ಭಾವ ಎಂದು ಕರೆದವನೇ. ಅತ್ತೆ ಅವಳ ಸೆರಗು ಸರಿಮಾಡಿ, “ನನ್ನ ಸೊಸೆ ನನಗೇ ಸೊಸೆಯಾದಳು” ಎಂದು ಓರಗಿತ್ತಿಯ ಕಿವಿಯಲ್ಲಿ ಹೇಳಿದಳು.’

ಕನ್ನಡದ ಓದುಗರಿಗೆ ಇಲ್ಲಿ ಏನೂ ವಿವರಿಸಬೇಕಾಗಿಲ್ಲ. ಗಿರಿಜೆ ಅತ್ತೆಯ ಮಗನನ್ನು ಮದುವೆಯಾಗುತ್ತಿದ್ದಾಳೆ. ಮದುಮಗಳನ್ನು ಮಂಟಪಕ್ಕೆ ಕರೆತರುವ ಹಕ್ಕು ಸೋದರಮಾವನದು, ಅದನ್ನು ಅವನು ನಡೆಸುತ್ತಿದ್ದಾನೆ. ಈಗ ನಿಘಂಟು ತೆರೆದು ಪದಕ್ಕೆ ಪದ ಇಟ್ಟರೆ ಏನಾಗುತ್ತದೆ ನೋಡಿ. ‘ಅಂಕಲ್’ ಕರೆತಂದ ಎಂದರೆ ಯಾವ ಅಂಕಲ್ ಎಂದು ತಿಳಿಯದು. ಓದುಗರು ಅಪ್ಪನ ತಮ್ಮನನ್ನು ಊಹಿಸಿಕೊಳ್ಳಬಹುದು. ‘ಭಾವ’ ಎಂಬುದಕ್ಕೆ ನಿಘಂಟು ಕೊಡುವ ಪದ ‘ಬ್ರದರ್-ಇನ್-ಲಾ’. ಅದನ್ನಿಟ್ಟರೆ ಗಿರಿಜೆ ತನ್ನ ಅಕ್ಕನ ಗಂಡನನ್ನು ಮದುವೆಯಾದಳು ಎಂದಾಗುತ್ತದೆ. ಅಕ್ಕ ಏನಾದಳು ಎಂದು ಓದುಗರು ಪುಟ ತಿರುವುತ್ತಾರೆ. ‘ಓರಗಿತ್ತಿ’ಗೆ ‘ಸಿಸ್ಟರ್-ಇನ್-ಲಾ’ ಎಂದಿಟ್ಟರೆ ಇನ್ನೂ ಕೆಟ್ಟಿತು. ಅತ್ತೆಗೆ ಅವಳ ತಮ್ಮನ ಹೆಂಡತಿ, ಅಂದರೆ ಗಿರಿಜೆಯ ತಾಯಿ, ಕೂಡ ಸಿಸ್ಟರ್-ಇನ್-ಲಾ. ತನ್ನ ಗಂಡನ ಮನೆಯವಳೊಬ್ಬಳ ಕಿವಿಯಲ್ಲಿ ಹೇಳಿಕೊಂಡ ಗುಟ್ಟಿನ ಸಂತೋಷ, ಹೆಣ್ಣಿನ ತಾಯಿಗೇ ಹೇಳಿದ ಮಾತಾಗಿಬಿಡುತ್ತದೆ. ದೃಶ್ಯವೇ ಬದಲಾಯಿತು.

ಒಂದೊಂದಾಗಿ ಸರಿಪಡಿಸೋಣ. ಸೋದರಮಾವನಿಗೆ ‘ಮೆಟರ್ನಲ್ ಅಂಕಲ್’ ಎನ್ನುವುದು ಅರ್ಜಿಯ ಭಾಷೆ, ಹಸೆಮಣೆಯ ಹತ್ತಿರ ಅದು ಕೂರುವುದಿಲ್ಲ. ಜೊತೆಗೆ ಅದು ಅಷ್ಟೇನೂ ಖಚಿತವೂ ಅಲ್ಲ, ಚಿಕ್ಕಮ್ಮನ ಗಂಡನೂ ಆ ಹೆಸರಿನೊಳಗೆ ನುಸುಳಬಹುದು. ‘ಹರ್ ಮದರ್ಸ್ ಬ್ರದರ್’ ಎಂಬ ಮೂರು ಪದ ಸರಳ, ಗಟ್ಟಿ. ಕರೆತರುವ ಹಕ್ಕು ಅವನದೇಕೆ ಎಂದು ಕೆಳಗೆ ಟಿಪ್ಪಣಿ ಬೇಕಿಲ್ಲ. ತಾಯಿಯ ಸೋದರ ಕೈಹಿಡಿದು ತಂದ ಎಂದರೆ ಅದೊಂದು ಪದ್ಧತಿ ಎಂದು ಯಾವ ದೇಶದ ಓದುಗರಿಗೂ ಹೊಳೆಯುತ್ತದೆ.

ಭಾವನ ವಿಷಯದಲ್ಲಿ ಪದವನ್ನು ಇಂಗ್ಲಿಷಿನಲ್ಲೂ ಹಾಗೇ ಉಳಿಸಿಕೊಳ್ಳುವುದು ನನಗೆ ಸರಿ ಕಾಣುತ್ತದೆ, ಯಾಕೆಂದರೆ ವಾಕ್ಯದಲ್ಲಿ ಅದು ‘ಕರೆದದ್ದು’. ಗಿರಿಜೆಯ ಬಾಯಲ್ಲಿ ಬಂದ ಸದ್ದು ಅದು. ಆದರೆ ಒಂಟಿಯಾಗಿ ಬಿಡಬಾರದು. ಅತ್ತೆಯ ಮಗ, ಅಂದರೆ ಆಕೆಯ ತಂದೆಯ ಅಕ್ಕನ ಮಗ ಎಂದು ಅದೇ ವಾಕ್ಯದೊಳಗೆ ಬಿಡಿಸಿ ಹೇಳಿದರೆ ಸಾಕು. ಒಮ್ಮೆ ಹೇಳಿದ ಮೇಲೆ ಮತ್ತೆ ಹೇಳಬೇಕಿಲ್ಲ, ಮುಂದಿನ ಪುಟಗಳಲ್ಲಿ ಅವನ ಹೆಸರೇ ನಡೆಯುತ್ತದೆ. ‘ಕಸಿನ್’ ಎಂಬ ಪದವನ್ನು ಇಲ್ಲಿ ನಾನು ದೂರವಿಡುತ್ತೇನೆ. ಅದು ತಪ್ಪು ಪದವಲ್ಲ, ಆದರೆ ಮದುವೆಯ ಸಾಲಿನಲ್ಲಿ ಅದು ಬಂದ ಕೂಡಲೇ ಇಂಗ್ಲಿಷ್ ಓದುಗರಲ್ಲಿ ಹಲವರಿಗೆ ಮುಜುಗರವಾಗುತ್ತದೆ. ಕನ್ನಡದ ವಾಕ್ಯದಲ್ಲಿ ಇಲ್ಲದ ಮುಜುಗರ ಅದು. ಟೈಲರನ ‘ಕ್ರಾಸ್ ಕಸಿನ್’ ಮಾನವಶಾಸ್ತ್ರದ ಪುಸ್ತಕಕ್ಕೆ ಒಪ್ಪುವ ಮಾತು, ಯಾವ ಅತ್ತೆಯೂ ತನ್ನ ಮಗನನ್ನು ಹಾಗೆ ಕರೆದಾಳೆಂದು ನಂಬಲಾಗದು.

ಓರಗಿತ್ತಿಗೆ ದಕ್ಷಿಣ ಭಾರತದ ಇಂಗ್ಲಿಷಿನಲ್ಲಿ ‘ಕೋ-ಸಿಸ್ಟರ್’ ಎಂಬ ಪದ ಬಳಕೆಯಲ್ಲಿದೆ, ಷಡ್ಡಕನಿಗೆ ‘ಕೋ-ಬ್ರದರ್’. ಇವನ್ನು ತಪ್ಪು ಇಂಗ್ಲಿಷ್ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಇವು ಒಳ್ಳೆಯ ಪದಗಳೆನಿಸುತ್ತವೆ. ಇಲ್ಲದ್ದನ್ನು ಹೇಳಲು ನಮ್ಮವರು ಕಟ್ಟಿಕೊಂಡವು, ನಮ್ಮ ನಡುವೆ ಯಾರಿಗೂ ಗೊಂದಲವಿಲ್ಲ. ಆದರೆ ಲಂಡನ್ನಿನ ಓದುಗರಿಗೆ ಅದು ಕ್ರೈಸ್ತ ಮಠದ ಸನ್ಯಾಸಿನಿಯಂತೆ ಕೇಳಬಹುದು. ಅಂಥ ಕಡೆ ‘ಅವಳ ಗಂಡನ ತಮ್ಮನ ಹೆಂಡತಿ’ ಎಂದು ಉದ್ದವಾಗಿಯೇ ಬರೆಯಬೇಕು, ಇಲ್ಲವೇ ಅವಳಿಗೊಂದು ಹೆಸರು ಮೊದಲೇ ಕೊಟ್ಟಿರಬೇಕು.

ಉಳಿದದ್ದು ಎಲ್ಲಕ್ಕಿಂತ ಕಷ್ಟದ್ದು: ‘ನನ್ನ ಸೊಸೆ ನನಗೇ ಸೊಸೆಯಾದಳು.’ ಮೊದಲ ಸೊಸೆ ತಮ್ಮನ ಮಗಳು, ಎರಡನೆಯ ಸೊಸೆ ಮಗನ ಹೆಂಡತಿ. ಆಕೆಯ ಹಿಗ್ಗೆಲ್ಲ ಆ ಎರಡಕ್ಕೂ ಪದ ಒಂದೇ ಆಗಿರುವುದರಲ್ಲಿದೆ. ಪದ ಹೇಳಿದಂತೆಯೇ ಬದುಕೂ ನಡೆಯಿತು ಎಂಬ ತೃಪ್ತಿ. ‘ಮೈ ನೀಸ್ ಹ್ಯಾಸ್ ಬಿಕಮ್ ಮೈ ಡಾಟರ್-ಇನ್-ಲಾ’ ಎಂದರೆ ಸುದ್ದಿ ತಲುಪಿತು, ಹಿಗ್ಗು ಉಳಿಯಲಿಲ್ಲ. ಪದ ಒಂದೇ ಇಡಲು ಇಂಗ್ಲಿಷಿನಲ್ಲಿ ದಾರಿಯಿಲ್ಲ, ಆದರೆ ಮಾತಿನ ಎರಡು ಭಾಗಗಳನ್ನು ಸಮನಾಗಿ ತೂಗಬಹುದು: ‘ಮೈ ಬ್ರದರ್ಸ್ ಗರ್ಲ್, ಅಂಡ್ ನೌ ಮೈ ಸನ್ಸ್ ವೈಫ್.’ ತಮ್ಮನ ಹುಡುಗಿ, ಈಗ ಮಗನ ಹೆಂಡತಿ. ಎರಡು ಬಾರಿ ‘ನನ್ನ’ ಬಂತು, ಅದರಲ್ಲಿ ಆಕೆಯ ಹಕ್ಕಿನ ಧ್ವನಿ ಕೇಳುತ್ತದೆ. ಸೊಸೆಯ ಜೊತೆ ಸೊಸೆ ಪ್ರಾಸವಾಗಿ ಬಂದದ್ದು ಹೋಯಿತು, ಅದನ್ನು ಬಿಟ್ಟುಕೊಡಬೇಕಾದದ್ದೇ.

ಸೊಸೆಯಂತೆಯೇ ಅಳಿಯ. ಈ ಒಂದು ಪದದಲ್ಲಿ ಎಡವಿದರೆ ಚರಿತ್ರೆಯೇ ತಪ್ಪಾಗುತ್ತದೆ. 1565ರ ಯುದ್ಧದಲ್ಲಿ ಪ್ರಾಣ ಕಳೆದುಕೊಂಡ ವಿಜಯನಗರದ ಅಳಿಯ ರಾಮರಾಯ ಕೃಷ್ಣದೇವರಾಯನ ಮಗಳ ಗಂಡ. ಅವನಿಗೆ ‘ಸನ್-ಇನ್-ಲಾ’ ಎಂಬುದೇ ಸರಿ. ಅಲ್ಲಿಂದ ಘಟ್ಟ ಇಳಿದು ತುಳುನಾಡಿಗೆ ಬನ್ನಿ. ಅಲ್ಲಿನ ಹಲವು ಸಮುದಾಯಗಳ ಅಳಿಯ ಸಂತಾನ ಪದ್ಧತಿಯಲ್ಲಿ ಕುಟುಂಬ ಹೆಣ್ಣಿನ ಕಡೆಯಿಂದ ಎಣಿಕೆಯಾಗುತ್ತಿತ್ತು, ಯಜಮಾನಿಕೆ ಮಾವನಿಂದ ಅವನ ಅಕ್ಕತಂಗಿಯರ ಮಗನಿಗೆ ಹೋಗುತ್ತಿತ್ತು. ಇಲ್ಲಿ ಅಳಿಯ ಎಂದರೆ ಸೋದರಳಿಯ. ಯಾರಾದರೂ ಇದನ್ನು ಮಗಳ ಗಂಡನ ಮೂಲಕ ನಡೆಯುವ ಸಂತಾನ ಎಂದು ಇಂಗ್ಲಿಷಿಗೆ ತಂದರೆ ಪದ್ಧತಿ ತಲೆಕೆಳಗಾಗುತ್ತದೆ. 1949ರಲ್ಲಿ ಮದ್ರಾಸು ಪ್ರಾಂತ್ಯ ಈ ಬಗ್ಗೆ ಕಾನೂನು ಮಾಡಿದಾಗ ಇಂಗ್ಲಿಷಿನಲ್ಲೂ ‘ಅಳಿಯಸಂತಾನ’ ಎಂಬ ಹೆಸರನ್ನೇ ಇಟ್ಟುಕೊಂಡಿತು. ಪದ ಒಂದು ಸಂಸ್ಥೆಯ ಹೆಸರಾಗಿರುವಾಗ ಅನುವಾದಿಸಲು ಹೋಗದಿರುವುದೇ ಮೇಲು, ಏನೆಂದು ಒಮ್ಮೆ ವಿವರಿಸಿದರಾಯಿತು.

ಕನ್ನಡದಿಂದ ಇಂಗ್ಲಿಷಿಗೆ ಹೋದ ಈಚಿನ ಪುಸ್ತಕಗಳು ಪದವನ್ನು ಉಳಿಸಿಕೊಳ್ಳುವ ದಾರಿಯನ್ನೇ ಹೆಚ್ಚು ಹಿಡಿದಿವೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕಾದಂಬರಿಯನ್ನು ಶ್ರೀನಾಥ್ ಪೇರೂರ್ ಅನುವಾದಿಸಿದಾಗ ನಿರೂಪಕನ ಚಿಕ್ಕಪ್ಪ ಇಂಗ್ಲಿಷಿನಲ್ಲೂ ಚಿಕ್ಕಪ್ಪನೇ ಆಗಿ ಉಳಿದ. ಅದು ಸರಿಯಾದ ನಿರ್ಧಾರ. ಆ ಮನೆಯಲ್ಲಿ ದುಡಿದು ಎಲ್ಲರನ್ನೂ ಸಾಕುವವನು ಚಿಕ್ಕಪ್ಪ, ಕೆಲಸ ಕಳೆದುಕೊಂಡ ಅಪ್ಪ ಪಕ್ಕಕ್ಕೆ ಸರಿದಿದ್ದಾನೆ. ತಂದೆಯ ಜಾಗದಲ್ಲಿ ನಿಂತವನ ಹೆಸರಲ್ಲೇ ‘ಅಪ್ಪ’ ಇರುವುದು ಕಥೆಗೆ ಬೇಕು, ‘ಅಂಕಲ್’ ಎಂದಿದ್ದರೆ ಅವನು ಹೊರಗಿನವನಾಗಿಬಿಡುತ್ತಿದ್ದ. ಬಾನು ಮುಷ್ತಾಕರ ಕಥೆಗಳ ‘ಹಾರ್ಟ್ ಲ್ಯಾಂಪ್’ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂತಲ್ಲ, ಅದರಲ್ಲಿ ದೀಪಾ ಭಾಸ್ತಿ ಉಳಿಸಿಕೊಂಡ ಪದಗಳನ್ನು ಓರೆ ಅಕ್ಷರದಲ್ಲಿ ಅಚ್ಚು ಹಾಕಿಸಲಿಲ್ಲ, ಅಡಿಟಿಪ್ಪಣಿಯನ್ನೂ ಕೊಡಲಿಲ್ಲ. ಓದುಗರು ಸಂದರ್ಭದಿಂದ ತಿಳಿದುಕೊಳ್ಳುತ್ತಾರೆಂಬ ನಂಬಿಕೆ ಅದರ ಹಿಂದಿದೆ.

ಈ ನಂಬಿಕೆಗೂ ಒಂದು ಮಿತಿ ಇದೆ. ಅಪ್ಪ, ಅಮ್ಮ, ಚಿಕ್ಕಪ್ಪನಂಥ ಮೂರು-ನಾಲ್ಕು ಪದಗಳನ್ನು ಓದುಗರು ಹೊತ್ತುಕೊಂಡಾರು. ಹದಿನೈದು ಜನರ ಕೂಡು ಕುಟುಂಬದಲ್ಲಿ ಅತ್ತಿಗೆ, ನಾದಿನಿ, ಓರಗಿತ್ತಿ, ಬೀಗತಿ ಎಲ್ಲರನ್ನೂ ಹಾಗೇ ಬಿಟ್ಟರೆ ಯಾರು ಯಾರೆಂದು ತಿಳಿಯದೆ ಅವರು ಪುಸ್ತಕ ಮುಚ್ಚುತ್ತಾರೆ. ನಮ್ಮಲ್ಲೇ ಈ ಪದಗಳು ಊರಿಂದೂರಿಗೆ ಬದಲಾಗುತ್ತವೆ: ಮೈಸೂರಿನ ಚಿಕ್ಕಪ್ಪ ಧಾರವಾಡದ ಕಡೆ ಕಾಕಾ, ಇಲ್ಲಿಯ ಓರಗಿತ್ತಿ ಅಲ್ಲಿ ನೆಗೆಣ್ಣಿ. ಕಥೆಯಲ್ಲಿ ಕಾಕಾ ಇದ್ದರೆ ಇಂಗ್ಲಿಷಿನಲ್ಲೂ ಕಾಕಾ ಇರಲಿ, ಅದನ್ನು ಚಿಕ್ಕಪ್ಪ ಎಂದು ‘ತಿದ್ದುವುದು’ ಆ ಸೀಮೆಯನ್ನೇ ಅಳಿಸಿದಂತೆ.

ಕಥೆಯಿಂದ ಹೊರಗೆ ಬಂದರೆ ನಿಯಮ ಪೂರ್ತಿ ತಿರುಗಿಬೀಳುತ್ತದೆ. ಅಲ್ಲಿ ಪದವನ್ನು ಉಳಿಸಿಕೊಳ್ಳಬಾರದು, ಒಡೆಯಬೇಕು. 1955ರ ಹಿಂದೂ ವಿವಾಹ ಕಾಯ್ದೆ ಇಂಗ್ಲಿಷಿನಲ್ಲಿ ಬರೆದದ್ದು, ಆದರೂ ಯಾರು ಯಾರನ್ನು ಮದುವೆಯಾಗಬಾರದು ಎನ್ನುವಲ್ಲಿ ‘ಕಸಿನ್’ ಎಂಬ ಪದವನ್ನು ನೆಚ್ಚಿಕೊಂಡಿಲ್ಲ. ಅಣ್ಣ-ತಂಗಿಯ ಮಕ್ಕಳು, ಇಬ್ಬರು ಅಣ್ಣತಮ್ಮಂದಿರ ಮಕ್ಕಳು, ಇಬ್ಬರು ಅಕ್ಕತಂಗಿಯರ ಮಕ್ಕಳು ಎಂದು ಮೂರನ್ನೂ ಬಿಡಿಸಿ ಬರೆದಿದೆ. ಕಾಯ್ದೆಯ ಪಟ್ಟಿಯಲ್ಲಿ ಮೂರೂ ನಿಷಿದ್ಧ, ಆದರೆ ಎರಡೂ ಕಡೆಯವರಲ್ಲಿ ರೂಢಿ ಇದ್ದರೆ ವಿನಾಯಿತಿ. ನಮ್ಮಲ್ಲಿ ಅತ್ತೆ-ಮಾವಂದಿರ ಮಕ್ಕಳ ಮದುವೆ ನಡೆಯುತ್ತಿರುವುದು ಆ ವಿನಾಯಿತಿಯ ಅಡಿಯಲ್ಲಿ.

ಪದ ಒಡೆಯದಿದ್ದರೆ ನಿಜವಾದ ಹಾನಿ ಆಗುವುದು ಆಸ್ಪತ್ರೆಯಲ್ಲಿ. ಬಸುರಿಯೊಬ್ಬಳು ‘ಮಾವನನ್ನೇ ಮದುವೆಯಾಗಿದ್ದೇನೆ’ ಎನ್ನುತ್ತಾಳೆ, ಜೊತೆಗೆ ಬಂದವರು ಕನ್ನಡ ಬಾರದ ವೈದ್ಯರಿಗೆ ‘ಅಂಕಲ್’ ಎನ್ನುತ್ತಾರೆ. ಆ ಮಾವ ಆಕೆಯ ತಾಯಿಯ ಒಡಹುಟ್ಟಿದ ತಮ್ಮನಾಗಿದ್ದರೆ ಇಬ್ಬರ ನಡುವೆ ಸರಾಸರಿ ನಾಲ್ಕನೇ ಒಂದು ಪಾಲು ಜೀನ್‌ಗಳು ಒಂದೇ ಆಗಿರುತ್ತವೆ. ಅತ್ತೆಯ ಮಗನಾಗಿದ್ದರೆ ಎಂಟನೇ ಒಂದು ಪಾಲು. ಆದರೆ ತಾಯಿಯ ದೊಡ್ಡಪ್ಪನ ಮಗನೂ ವರಸೆಯಲ್ಲಿ ಆಕೆಗೆ ಮಾವನೇ, ಅಲ್ಲಿ ಪಾಲು ಹದಿನಾರನೇ ಒಂದಕ್ಕೆ ಇಳಿಯುತ್ತದೆ. ಅತ್ತೆಯ ಗಂಡನ ತಮ್ಮನನ್ನೂ ಮಾವ ಎನ್ನುತ್ತಾರೆ. ಅವನಿಗೆ ರಕ್ತಸಂಬಂಧವೇ ಇಲ್ಲ. ಹುಟ್ಟುವ ಮಗುವಿಗೆ ಇರುವ ಅಪಾಯ ಈ ಲೆಕ್ಕದ ಮೇಲೆ ನಿಂತಿದೆ. ಮದುವೆಗೆ ಯಾರು ಆಗುತ್ತಾರೆ ಎಂಬುದನ್ನು ಅಷ್ಟು ಚೆನ್ನಾಗಿ ಹೇಳುವ ಕನ್ನಡ ಪದ, ರಕ್ತ ಎಷ್ಟು ಹತ್ತಿರದ್ದು ಎಂಬುದನ್ನು ಹೇಳುವುದೇ ಇಲ್ಲ. ಅದಕ್ಕೆ ‘ನಿಮ್ಮ ತಾಯಿ, ಅವರು, ಇಬ್ಬರೂ ಒಂದೇ ತಂದೆ-ತಾಯಿಯ ಮಕ್ಕಳೇ?’ ಎಂದು ಕೇಳಿ, ಕಾಗದದ ಮೇಲೆ ವಂಶವೃಕ್ಷ ಬರೆದು ತೋರಿಸಬೇಕು.

ಇನ್ನೊಂದು ಎಡವಟ್ಟು ದೊಡ್ಡಪ್ಪ-ಚಿಕ್ಕಪ್ಪಂದಿರ ಮಕ್ಕಳದು. ‘ನಮ್ಮಣ್ಣನಿಗೆ ನಲವತ್ತಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು’ ಎಂದರೆ ವೈದ್ಯರು ‘ಬ್ರದರ್’ ಎಂದು ಬರೆದುಕೊಳ್ಳುತ್ತಾರೆ. ವೈದ್ಯಶಾಸ್ತ್ರದ ಎಣಿಕೆಯಲ್ಲಿ ಒಡಹುಟ್ಟಿದವನು ಮೊದಲ ಹಂತದ ಸಂಬಂಧಿ, ಅವನ ಕಾಯಿಲೆ ನಮಗೆ ನೇರ ಎಚ್ಚರಿಕೆ. ದೊಡ್ಡಪ್ಪನ ಮಗ ಮೂರನೇ ಹಂತದವನು. ‘ಕಸಿನ್ ಬ್ರದರ್’ ಎಂದು ನಮ್ಮ ಮನೆಗಳಲ್ಲಿ ಹೇಳುವುದನ್ನು ಇಂಗ್ಲಿಷ್ ಮೇಷ್ಟರುಗಳು ತಿದ್ದುತ್ತಾ ಬಂದಿದ್ದಾರೆ, ಆದರೆ ವೈದ್ಯರೆದುರು ಅದೇ ನಿಖರ: ಕಸಿನ್ ಎಂಬುದು ರಕ್ತದ ದೂರ ಹೇಳುತ್ತದೆ, ಬ್ರದರ್ ಎಂಬುದು ಅವನು ನಮಗೆ ಏನಾಗಬೇಕೆಂಬುದನ್ನು.